ಹಣ ತಲುಪಿದೆ, ಹೆಸರಿಗೆ ಬಿದ್ದಿಲ್ಲ

ಫ್ರಾಂಕ್‌ಫರ್ಟ್‌ನಲ್ಲಿ ಕೆಲಸಕ್ಕಿರುವ ದಾವಣಗೆರೆಯ ಇಂಜಿನಿಯರೊಬ್ಬರು ಶುಕ್ರವಾರ ಸಂಜೆ ತಮ್ಮ ಜರ್ಮನ್ ಬ್ಯಾಂಕಿನ ಆ್ಯಪ್ ತೆರೆದು, ಕ್ರಿಪ್ಟೊ ಎಕ್ಸ್‌ಚೇಂಜ್ ಒಂದಕ್ಕೆ 1,500 ಯೂರೊ ಕಳಿಸಿದರು ಎಂದಿಟ್ಟುಕೊಳ್ಳಿ. ಎಕ್ಸ್‌ಚೇಂಜ್ ತೋರಿಸಿದ್ದ ಪುಟದಲ್ಲಿ ಮೂರು ಸಾಲುಗಳಿದ್ದವು: ಖಾತೆದಾರ ಕಂಪನಿಯ ಹೆಸರು, ಐಬ್ಯಾನ್ ಅಂದರೆ ಖಾತೆ ಸಂಖ್ಯೆ, ಮತ್ತು ಅಕ್ಷರ ಅಂಕಿ ಬೆರೆತ ಒಂದು ರೆಫರೆನ್ಸ್ ಕೋಡ್. ಮೊದಲ ಎರಡನ್ನು ಅವರು ಕಾಪಿ ಮಾಡಿ ಅಂಟಿಸಿದರು. ಮೂರನೆಯದು ಹೋಗಬೇಕಿದ್ದುದು ಜರ್ಮನ್ ಆ್ಯಪ್‌ಗಳು ‘ಫೆರ್ವೆಂಡುಂಗ್ಸ್‌ಟ್ಸ್ವೆಕ್’ ಎಂದು ಕರೆಯುವ ಖಾನೆಗೆ. ಮನೆ ಬಾಡಿಗೆ ಕಟ್ಟುವಾಗ ‘ಮಾರ್ಚ್ ಬಾಡಿಗೆ’ ಎಂದು ಬರೆಯುವ ಜಾಗ ಅದು. ಅಲ್ಲಿ ಅವರು ‘ಸೇವಿಂಗ್ಸ್’ ಎಂದು ಬರೆದು ಕಳಿಸಿಬಿಟ್ಟರು.

ಮಂಗಳವಾರದ ಹೊತ್ತಿಗೆ ಬ್ಯಾಂಕಿನಲ್ಲಿ 1,500 ಯೂರೊ ಕಡಿತವಾಗಿತ್ತು. ಎಕ್ಸ್‌ಚೇಂಜಿನಲ್ಲಿ ಬಾಕಿ ಸೊನ್ನೆ. ಬ್ಯಾಂಕಿಗೆ ಫೋನ್ ಮಾಡಿದರೆ, ‘ನಮ್ಮ ಕಡೆಯಿಂದ ಹಣ ಹೋಗಿದೆ, ಆ ಖಾತೆಗೆ ಜಮಾ ಕೂಡ ಆಗಿದೆ’ ಎಂಬ ಉತ್ತರ. ಎಕ್ಸ್‌ಚೇಂಜಿನ ಸಹಾಯ ವಿಭಾಗಕ್ಕೆ ಬರೆದರೆ, ‘ನಿಮ್ಮ ಹೆಸರಿನಲ್ಲಿ ಯಾವ ಜಮೆಯೂ ಕಾಣುತ್ತಿಲ್ಲ’ ಎಂಬ ಉತ್ತರ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಇಬ್ಬರ ಮಾತೂ ನಿಜ.

ಎಕ್ಸ್‌ಚೇಂಜ್ ಎಂದರೆ ಬ್ಯಾಂಕ್ ಅಲ್ಲ, ಅದೂ ಯಾವುದೋ ಬ್ಯಾಂಕಿನ ಗ್ರಾಹಕ. ಅದರ ಸಾವಿರಾರು ಗ್ರಾಹಕರ ಹಣ ಬಂದು ಬೀಳುವುದು ಅದೇ ಕಂಪನಿಯ ಹೆಸರಿನಲ್ಲಿರುವ ಒಂದೇ ಖಾತೆಗೆ. ಆ ಖಾತೆಯಲ್ಲಿ ಯಾರ ಪಾಲು ಎಷ್ಟು ಎಂಬುದು ಬ್ಯಾಂಕಿಗೆ ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಅದಕ್ಕಿಲ್ಲ. ಆ ಲೆಕ್ಕ ಇರುವುದು ಎಕ್ಸ್‌ಚೇಂಜಿನ ಸ್ವಂತ ಲೆಡ್ಜರ್‌ನಲ್ಲಿ. ಹೀಗಾಗಿ ಹಣ ಬರುವುದು ಒಂದು ಘಟನೆ, ಅದು ಗ್ರಾಹಕನ ಹೆಸರಿಗೆ ಬೀಳುವುದು ಇನ್ನೊಂದು ಘಟನೆ. ಹಿಟ್ಟಿನ ಗಿರಣಿಗೆ ಹತ್ತು ಮನೆಯವರು ಒಂದೇ ಬಗೆಯ ರಾಗಿ ಡಬ್ಬ ತಂದಿಟ್ಟು ಹೋದರೆ, ಮುಚ್ಚಳದ ಮೇಲಿನ ಹೆಸರು ನೋಡಿಯೇ ಹಿಟ್ಟು ಕೊಡಬೇಕು. ಹೆಸರಿಲ್ಲದ ಡಬ್ಬ ಕಳೆದುಹೋಗುವುದಿಲ್ಲ, ಮೂಲೆಯಲ್ಲಿ ಉಳಿಯುತ್ತದೆ.

ಡಬ್ಬದ ಮೇಲಿನ ಹೆಸರು ಓದುವವರು ಇಲ್ಲಿ ಮನುಷ್ಯರಲ್ಲ. ಬ್ಯಾಂಕ್ ತನ್ನ ಗ್ರಾಹಕ ಕಂಪನಿಗೆ ಖಾತೆಯ ಜಮೆಗಳ ವಿವರವನ್ನು ಕಂಪ್ಯೂಟರ್ ಓದಬಲ್ಲ ಕಡತವಾಗಿ ಕಳಿಸುತ್ತದೆ. ಪ್ರತಿ ಜಮೆಗೂ ಮೊತ್ತ, ದಿನಾಂಕ, ಕಳಿಸಿದವರ ಹೆಸರು, ಅವರ ಐಬ್ಯಾನ್ ಮತ್ತು ಕಳಿಸಿದವರು ಬರೆದ ಟಿಪ್ಪಣಿ ಅದರಲ್ಲಿರುತ್ತವೆ. ಯುರೋಪಿನಲ್ಲಿ 2008ರಿಂದ ನಡೆಯುತ್ತಿರುವ ಸೆಪಾ ವ್ಯವಸ್ಥೆಯಲ್ಲಿ ಈ ಟಿಪ್ಪಣಿಗೆ 140 ಅಕ್ಷರಗಳ ಜಾಗವಿದೆ. ಬ್ರಿಟನ್ನಿನ ಫಾಸ್ಟರ್ ಪೇಮೆಂಟ್ಸ್‌ನಲ್ಲಿ ಆ್ಯಪ್ ತೋರಿಸುವ ರೆಫರೆನ್ಸ್ ಖಾನೆಗೆ ಸಿಗುವುದು 18 ಅಕ್ಷರ ಮಾತ್ರ. ಎಕ್ಸ್‌ಚೇಂಜಿನ ಸಾಫ್ಟ್‌ವೇರ್ ಟಿಪ್ಪಣಿಯಲ್ಲಿ ತನ್ನ ಕೋಡಿನ ಮಾದರಿಯನ್ನು ಹುಡುಕುತ್ತದೆ. ಸಿಕ್ಕರೆ ಕ್ಷಣದಲ್ಲಿ ಜಮಾ. ‘ಸೇವಿಂಗ್ಸ್’ ಎಂದಿದ್ದರೆ ಅದಕ್ಕೆ ಏನೂ ಸಿಗುವುದಿಲ್ಲ, ಮೊತ್ತ ‘ಹೊಂದಿಕೆಯಾಗದ ಜಮೆ’ಗಳ ಸಾಲಿಗೆ ಹೋಗುತ್ತದೆ. ಆ ಸಾಲನ್ನು ನೋಡಲು ಮನುಷ್ಯರಿರುತ್ತಾರೆ, ಆದರೆ ಕೆಲವೇ ಮಂದಿ. ಬಿಟ್‌ಕಾಯಿನ್ ಬೆಲೆ ಏರಿ ಊರೆಲ್ಲ ಹಣ ಕಳಿಸುವ ವಾರದಲ್ಲಿ ಆ ಸಾಲು ಎಷ್ಟು ಉದ್ದವಾಗುತ್ತದೆ ಎಂಬುದನ್ನು ಊಹಿಸಬಹುದು.

ಕೋಡ್ ಇಲ್ಲದಿದ್ದರೂ ಕಳಿಸಿದವರ ಹೆಸರಿದೆಯಲ್ಲ, ಅದನ್ನು ನೋಡಿಯೇ ಹಾಕಬಾರದೇ? ಬಹುತೇಕರ ಮೊದಲ ಪ್ರಶ್ನೆ ಇದು. ಕೆಲವು ಎಕ್ಸ್‌ಚೇಂಜ್‌ಗಳು ಹಾಗೆ ಮಾಡುವುದೂ ಉಂಟು: ಅದೇ ಐಬ್ಯಾನ್‌ನಿಂದ ಹಿಂದೆ ಸರಿಯಾಗಿ ಹಣ ಬಂದಿದ್ದರೆ ಎರಡನೆಯ ಸಲ ಕೋಡ್ ಮರೆತರೂ ಹೊಂದಿಸಿಕೊಳ್ಳುತ್ತವೆ. ಮೊದಲ ಸಲ ಕಳಿಸುವವರಿಗೆ ಆ ಅನುಕೂಲವಿಲ್ಲ. ಅಲ್ಲಿ ಊಹೆ ಮಾಡದಿರುವುದಕ್ಕೆ ಸೋಮಾರಿತನ ಕಾರಣವಲ್ಲ, ಒಂದು ಹಳೆಯ ಮೋಸ ಕಾರಣ.

ಮೋಸಗಾರ ಮೊದಲು ತನ್ನ ಹೆಸರಿನಲ್ಲಿ ಎಕ್ಸ್‌ಚೇಂಜ್ ಖಾತೆ ತೆರೆಯುತ್ತಾನೆ. ಬಳಿಕ ಬಾಡಿಗೆ ಮನೆಯೋ ಹಳೆಯ ಕಾರೋ ಮಾರಾಟಕ್ಕಿದೆ ಎಂದು ಜಾಹೀರಾತು ಹಾಕುತ್ತಾನೆ. ಆಸೆಪಟ್ಟವರಿಗೆ ಎಕ್ಸ್‌ಚೇಂಜಿನ ಐಬ್ಯಾನ್ ಕೊಟ್ಟು, ‘ಟಿಪ್ಪಣಿಯಲ್ಲಿ ಈ ಬುಕಿಂಗ್ ನಂಬರ್ ಬರೆಯಿರಿ’ ಎನ್ನುತ್ತಾನೆ. ಆ ಬುಕಿಂಗ್ ನಂಬರ್ ಅವನ ರೆಫರೆನ್ಸ್ ಕೋಡ್. ಹಣ ಕಳಿಸಿದವರು ಒಬ್ಬರು, ಕೋಡ್ ಇನ್ನೊಬ್ಬರದು. ಕೋಡ್ ಒಂದನ್ನೇ ನಂಬಿದರೆ ಕಳ್ಳನ ಹೆಸರಿಗೆ ಜಮೆಯಾಗಿ, ಕೆಲವೇ ನಿಮಿಷದಲ್ಲಿ ಬಿಟ್‌ಕಾಯಿನ್ ಆಗಿ ಹೊರಟುಹೋಗುತ್ತದೆ. ಅದಕ್ಕೇ ಎಕ್ಸ್‌ಚೇಂಜ್‌ಗಳು ಕೋಡ್ ಮತ್ತು ಹೆಸರು ಎರಡೂ ಒಬ್ಬರದೇ ಆಗಿರಬೇಕು ಎಂದು ಹಟ ಹಿಡಿಯುತ್ತವೆ. ಎರಡು ಸಾಕ್ಷಿಗಳಲ್ಲಿ ಒಂದು ಇಲ್ಲದಾಗ ಇನ್ನೊಂದರ ಮೇಲೆ ಬೀಳುವ ಭಾರ ಹೆಚ್ಚು. ಕೋಡ್ ಮರೆತವರ ಹೆಸರು ಅಕ್ಷರ ಅಕ್ಷರಕ್ಕೂ ತಾಳೆಯಾಗಬೇಕಾಗುತ್ತದೆ.

ಕನ್ನಡಿಗರಿಗೆ ತೊಡಕು ಶುರುವಾಗುವುದು ಇಲ್ಲೇ. ನಮ್ಮಲ್ಲಿ ಮನೆತನದ ಹೆಸರು ಎಲ್ಲರಿಗೂ ಇಲ್ಲ. ಮಂಜುನಾಥ ಎಂಬ ಹೆಸರಿನವರು ಮಾರ್ಕ್ಸ್‌ಕಾರ್ಡಿನಲ್ಲಿ ‘ಮಂಜುನಾಥ ಬಿ. ಎಚ್.’, ಪಾಸ್‌ಪೋರ್ಟಿನಲ್ಲಿ ‘ಮಂಜುನಾಥ ಬಸಪ್ಪ ಹಳೇಮನೆ’, ಜರ್ಮನ್ ಬ್ಯಾಂಕಿನಲ್ಲಿ ಮೊದಲು ಮನೆತನ ಬಂದು ‘ಹಳೇಮನೆ ಮಂಜುನಾಥ’ ಆಗಿರಬಹುದು. ಊರಿನ ಹೆಸರಿನ ಇನಿಷಿಯಲ್, ಅಪ್ಪನ ಹೆಸರಿನ ಇನಿಷಿಯಲ್ ಎರಡನ್ನೂ ಹೊತ್ತ ಹೆಸರುಗಳ ಪಾಡು ಹೇಳುವುದೇ ಬೇಡ. ಕೋಡ್ ಸರಿಯಾಗಿದ್ದರೆ ಇಂಥ ಅಲ್ಪಸ್ವಲ್ಪ ವ್ಯತ್ಯಾಸ ದಾಟಿಹೋಗುತ್ತದೆ. ಕೋಡ್ ಇಲ್ಲದಾಗ ಅದೇ ವ್ಯತ್ಯಾಸ ವಾರಗಟ್ಟಲೆ ಪತ್ರವ್ಯವಹಾರಕ್ಕೆ ದಾರಿ. ಗಂಡ ಹೆಂಡತಿಯ ಜಂಟಿ ಖಾತೆಯಿಂದ ಕಳಿಸಿದ್ದರೆ ಇನ್ನೊಂದು ಗಂಟು: ಬ್ಯಾಂಕಿನ ಕಡತದಲ್ಲಿ ಕೆಲವೊಮ್ಮೆ ಮೊದಲ ಖಾತೆದಾರರ ಹೆಸರಷ್ಟೇ ಬರುತ್ತದೆ.

ಹಾಗಾದರೆ ಫ್ರಾಂಕ್‌ಫರ್ಟಿನ ಇಂಜಿನಿಯರು ಮಾಡಬೇಕಾದ್ದೇನು?

ಮೊದಲನೆಯದಾಗಿ, ಹಣ ನಿಜಕ್ಕೂ ಎಲ್ಲಿದೆ ಎಂದು ಖಚಿತಪಡಿಸಿಕೊಳ್ಳಬೇಕು. ಸಾಮಾನ್ಯ ಸೆಪಾ ವರ್ಗಾವಣೆ ಬ್ಯಾಂಕಿನ ಕೆಲಸದ ದಿನಗಳಲ್ಲಿ ಮಾತ್ರ ಇತ್ಯರ್ಥವಾಗುತ್ತದೆ. ಶುಕ್ರವಾರ ಸಂಜೆ ಬ್ಯಾಂಕಿನ ಗಡುವು ಮೀರಿ ಕಳಿಸಿದ್ದು ಸೋಮವಾರದ ಲೆಕ್ಕಕ್ಕೆ ಸೇರಿ, ಮಂಗಳವಾರ ಆ ಕಡೆ ಜಮೆಯಾದರೂ ಅದು ನಿಯಮದೊಳಗೇ ಇದೆ. ಶನಿವಾರ ಬೆಳಿಗ್ಗೆಯೇ ಗಾಬರಿಯಾಗಿ ದೂರು ಬರೆದವರು ತಮ್ಮ ದೂರನ್ನು ತಾವೇ ಸಾಲಿನ ಹಿಂದಕ್ಕೆ ತಳ್ಳಿಕೊಂಡಂತೆ, ಏಕೆಂದರೆ ಹುಡುಕಲು ಅಲ್ಲಿ ಇನ್ನೂ ಏನೂ ಬಂದಿರುವುದಿಲ್ಲ. ‘ಇನ್‌ಸ್ಟಂಟ್’ ಎಂದು ಆರಿಸಿ ಕಳಿಸಿದ್ದರೆ ಲೆಕ್ಕ ಬೇರೆ. ಅದು ರಜೆಯ ದಿನವೂ ಸೇರಿ 10 ಸೆಕೆಂಡಿನೊಳಗೆ ತಲುಪಬೇಕು ಇಲ್ಲವೇ ವಿಫಲವಾಗಬೇಕು. ಯಶಸ್ವಿ ಎಂದು ತೋರಿಸಿಯೂ ಗಂಟೆಗಟ್ಟಲೆ ಎಕ್ಸ್‌ಚೇಂಜಿನಲ್ಲಿ ಕಾಣದಿದ್ದರೆ ಹಣ ಹೊಂದಿಕೆಯಾಗದ ಸಾಲಿನಲ್ಲಿದೆ ಎಂದೇ ಶಂಕಿಸಬಹುದು.

ಎರಡನೆಯದು ದಾಖಲೆ. ಆ್ಯಪ್‌ನಲ್ಲಿ ಹಸಿರು ಟಿಕ್ ಇರುವ ಪುಟದ ಅರೆಬರೆ ಸ್ಕ್ರೀನ್‌ಶಾಟ್ ಸಾಲದು. ಬ್ಯಾಂಕ್ ಕೊಡುವ ಪಿಡಿಎಫ್ ರಸೀದಿಯಲ್ಲಿ ಕಳಿಸಿದವರ ಪೂರ್ಣ ಹೆಸರು, ಅವರ ಐಬ್ಯಾನ್, ಎಕ್ಸ್‌ಚೇಂಜಿನ ಐಬ್ಯಾನ್, ಮೊತ್ತ, ದಿನಾಂಕ, ಬರೆದ ಟಿಪ್ಪಣಿ ಮತ್ತು ವಹಿವಾಟಿನ ಗುರುತು ಸಂಖ್ಯೆ ಇರಬೇಕು. ಸಾಲನ್ನು ಕೈಯಾರೆ ಹುಡುಕುವ ನೌಕರನಿಗೆ ಇವೇ ಕೊಂಡಿಗಳು. 1,500 ಯೂರೊದಂಥ ದುಂಡು ಮೊತ್ತ ಒಂದೇ ದಿನ ಹಲವರಿಂದ ಬಂದಿರುತ್ತದೆ, ಆದ್ದರಿಂದ ಮೊತ್ತವೊಂದರಿಂದ ಕೆಲಸ ಸಾಗದು, ಐಬ್ಯಾನ್ ಬೇಕು. ಸೆಪಾ ಬಿಟ್ಟು ಸ್ವಿಫ್ಟ್ ಮೂಲಕ ಕಳಿಸಿದವರಿಗೆ ಇದು ಇನ್ನೂ ಕಷ್ಟ. ದಾರಿಯ ನಡುವಿನ ಬ್ಯಾಂಕುಗಳು ಶುಲ್ಕ ಮುರಿದುಕೊಂಡರೆ ತಲುಪುವ ಮೊತ್ತವೇ ಬೇರೆಯಾಗಿ, ಕಳಿಸಿದ ಮೊತ್ತ ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ.

ಮೂರನೆಯದು ಹೇಳಲು ಸುಲಭ, ಪಾಲಿಸಲು ಕಷ್ಟ: ಸುಮ್ಮನಿರುವುದು. ಎಕ್ಸ್‌ಚೇಂಜಿನಲ್ಲಿ ನೋಂದಾಯಿಸಿದ ಇಮೇಲ್‌ನಿಂದಲೇ ಒಂದು ದೂರು ದಾಖಲಿಸಿ, ರಸೀದಿ ಲಗತ್ತಿಸಿ, ಅದೇ ದೂರಿನಡಿಯಲ್ಲಿ ಮಾತು ಮುಂದುವರಿಸಬೇಕು. ದಿನಕ್ಕೊಂದು ಹೊಸ ದೂರು ಹಾಕಿದರೆ ಬೇರೆ ಬೇರೆ ನೌಕರರು ಒಂದೇ ಹಣವನ್ನು ಹುಡುಕುತ್ತ ಕೂರುತ್ತಾರೆ. ಈ ಸಲ ಕೋಡ್ ಬರೆದು ಇನ್ನೊಮ್ಮೆ 1,500 ಕಳಿಸುವ ಆಸೆಯೂ ಬರುತ್ತದೆ. ಅದರಿಂದ ಮೊದಲನೆಯದು ಬಿಡುಗಡೆಯಾಗುವುದಿಲ್ಲ. ಕೆಲವು ಎಕ್ಸ್‌ಚೇಂಜ್‌ಗಳು ಅದೇ ಬ್ಯಾಂಕ್ ಖಾತೆಯಿಂದ ಸಣ್ಣ ಮೊತ್ತವೊಂದನ್ನು ಸರಿಯಾದ ಕೋಡ್ ಸಮೇತ ಕಳಿಸಿ ಎಂದು ತಾವಾಗಿ ಕೇಳುವುದುಂಟು. ಆ ಐಬ್ಯಾನ್ ಯಾರದೆಂದು ಅದರಿಂದ ಸಾಬೀತಾಗುತ್ತದೆ. ಹಾಗೆ ಕೇಳಿದಾಗ ಮಾತ್ರ ಕಳಿಸುವುದು ಸರಿ.

ಇದಕ್ಕಿಂತ ಹೆಚ್ಚು ಗೋಜಲಾಗುವುದು, ಒಂದು ಕಡೆ ಎಕ್ಸ್‌ಚೇಂಜಿಗೆ ದೂರು ಕೊಟ್ಟು ಇನ್ನೊಂದು ಕಡೆ ಬ್ಯಾಂಕಿಗೆ ಹಣ ವಾಪಸ್ ಕರೆಸಿಕೊಡಿ ಎಂದಾಗ. ಸೆಪಾದಲ್ಲಿ ಒಮ್ಮೆ ಜಮೆಯಾದ ಹಣವನ್ನು ಕಳಿಸಿದ ಬ್ಯಾಂಕ್ ತಾನಾಗಿ ಎಳೆದುಕೊಳ್ಳಲಾಗದು. ಕೋರಿಕೆ ಕಳಿಸಬಹುದು ಅಷ್ಟೆ, ಆ ಕಡೆಯ ಖಾತೆದಾರರು ಒಪ್ಪಬೇಕು, ಉತ್ತರ ಕೊಡಲು ಅವರ ಬ್ಯಾಂಕಿಗೆ 15 ಕೆಲಸದ ದಿನಗಳ ಅವಕಾಶವಿದೆ. ಅಷ್ಟರಲ್ಲಿ ಎಕ್ಸ್‌ಚೇಂಜ್ ಹಣವನ್ನು ಹೆಸರಿಗೆ ಹಾಕಿಬಿಟ್ಟಿದ್ದರೆ, ವಾಪಸಿನ ಕೋರಿಕೆ ಬಂದಿದೆ ಎಂಬ ಕಾರಣಕ್ಕೇ ಖಾತೆಯನ್ನು ತಡೆಹಿಡಿಯಬಹುದು. ವಾಪಸ್ ಕೋರಿಕೆ ಎಂದರೆ ವಂಚನೆಯ ವಾಸನೆ ಎಂದು ಅವರ ವ್ಯವಸ್ಥೆಗಳು ಓದಿಕೊಳ್ಳುತ್ತವೆ. ಎಕ್ಸ್‌ಚೇಂಜೇ ಗುರುತು ಸಿಗಲಿಲ್ಲವೆಂದು ಹಣವನ್ನು ಬಂದ ದಾರಿಯಲ್ಲಿ ಹಿಂದಿರುಗಿಸಿದರೆ ಅದು ಒಳ್ಳೆಯ ಕೊನೆಗಳಲ್ಲೊಂದು. ಶುಲ್ಕ ಮುರಿದುಕೊಂಡರೂ ಅಸಲು ಮನೆ ಸೇರುತ್ತದೆ. ಈ ನಡುವೆ ಬಿಟ್‌ಕಾಯಿನ್ ಬೆಲೆ ಏರಿ ಕೈತಪ್ಪಿದ ಲಾಭವನ್ನು ಮಾತ್ರ ಯಾರೂ ತುಂಬಿಕೊಡುವುದಿಲ್ಲ. ಇಂಥ ಕಂಪನಿಗಳ ಷರತ್ತುಗಳಲ್ಲಿ ಅದನ್ನು ಸಾಮಾನ್ಯವಾಗಿ ಮೊದಲೇ ಬರೆದಿರುತ್ತಾರೆ.

ಕೋಡ್ ಬರೆದೂ ಒಂದಕ್ಷರ ತಪ್ಪಾದರೆ? ಕೋಡ್ ಇಲ್ಲದಿರುವುದಕ್ಕಿಂತ ಇದು ಕೆಟ್ಟದ್ದಾಗಬಹುದಿತ್ತು, ಏಕೆಂದರೆ ತಪ್ಪಿದ ಕೋಡ್ ಇನ್ನೊಬ್ಬ ಗ್ರಾಹಕನದಾಗಿಬಿಟ್ಟರೆ ಹಣ ಅಲ್ಲಿಗೆ ಹೋಗಬೇಕು. ಇದನ್ನು ತಡೆಯಲು ಇನ್‌ವಾಯ್ಸ್ ಲೋಕದಲ್ಲಿ ಒಂದು ಜಾಣ ಉಪಾಯವಿದೆ. ಐಎಸ್‌ಒ 11649 ಎಂಬ ಮಾನದಂಡದ ರೆಫರೆನ್ಸ್ RF ಎಂದು ಆರಂಭವಾಗುತ್ತದೆ. RF18 5390 0754 7034 ಅಂಥದ್ದೊಂದು. ಇದರ RF18 ಅನ್ನು ಕೊನೆಗೆ ಸರಿಸಿ, R ಬದಲಿಗೆ 27, F ಬದಲಿಗೆ 15 ಬರೆದರೆ ಸಿಗುವ ಸಂಖ್ಯೆ 539007547034271518. ಅದನ್ನು 97ರಿಂದ ಭಾಗಿಸಿದರೆ ಶೇಷ 1 ಉಳಿಯಬೇಕು, ಉಳಿಯುತ್ತದೆ ಕೂಡ. ಅವಸರದಲ್ಲಿ ಕೊನೆಯ 7034 ಅನ್ನು 7043 ಎಂದು ಟೈಪ್ ಮಾಡಿದರೆ ಶೇಷ 50 ಆಗುತ್ತದೆ. ಆಗ ಈ ಕೋಡ್ ಯಾರದೂ ಅಲ್ಲ ಎಂದು ಕಂಪ್ಯೂಟರಿಗೆ ಗೊತ್ತಾಗುತ್ತದೆ. ಆದರೆ ಎಕ್ಸ್‌ಚೇಂಜ್‌ಗಳ ಕೋಡ್‌ಗಳು ಹೆಚ್ಚಾಗಿ ಅವುಗಳದೇ ಧಾಟಿಯವು. ಬ್ಯಾಂಕ್ ಆ್ಯಪ್‌ಗೆ ಅವುಗಳ ಲೆಕ್ಕ ಗೊತ್ತಿಲ್ಲ, ಟಿಪ್ಪಣಿಯಲ್ಲಿ ಏನು ಬರೆದರೂ ಅದು ಸುಮ್ಮನೆ ಒಪ್ಪಿಕೊಳ್ಳುತ್ತದೆ. 2025ರ ಅಕ್ಟೋಬರ್‌ನಿಂದ ಯೂರೊ ವಲಯದ ಬ್ಯಾಂಕುಗಳು ಹಣ ಪಡೆಯುವವರ ಹೆಸರು ಮತ್ತು ಐಬ್ಯಾನ್ ತಾಳೆಯಾಗುತ್ತವೆಯೇ ಎಂದು ಕಳಿಸುವ ಮುನ್ನ ತೋರಿಸಬೇಕಾಗಿದೆ. ಅಲ್ಲಿ ‘ಸರಿಯಾಗಿದೆ’ ಎಂದು ಬಂದರೆ ಕಂಪನಿಯ ಹೆಸರು ಸರಿಯಿದೆ ಎಂದಷ್ಟೇ ಅರ್ಥ. ಟಿಪ್ಪಣಿಯ ಖಾನೆಯನ್ನು ಅದು ನೋಡಿಯೇ ಇಲ್ಲ.

ಇದಕ್ಕೆಲ್ಲ ಒಂದು ಒಳ್ಳೆಯ ಪರಿಹಾರ ಈಗಾಗಲೇ ಇದೆ: ಪ್ರತಿ ಗ್ರಾಹಕನಿಗೂ ಬೇರೆಯದೇ ಖಾತೆ ಸಂಖ್ಯೆ. ಒಳಗೆ ಹಣ ಸೇರುವುದು ಅದೇ ಒಂದು ಖಾತೆಗೆ, ಆದರೆ ಹೊರಗೆ ಕಾಣುವ ಸಂಖ್ಯೆ ಒಬ್ಬೊಬ್ಬರಿಗೆ ಒಂದೊಂದು. ಇದನ್ನು ವರ್ಚುವಲ್ ಐಬ್ಯಾನ್ ಎನ್ನುತ್ತಾರೆ, ಭಾರತದಲ್ಲಿ ವರ್ಚುವಲ್ ಅಕೌಂಟ್. ಖಾತೆ ಸಂಖ್ಯೆಯೇ ಗುರುತಾದಾಗ ಟಿಪ್ಪಣಿ ಮರೆಯುವ ಪ್ರಶ್ನೆಯೇ ಇಲ್ಲ. ಹೆಸರಿನ ತಾಳೆ ಮಾತ್ರ ಆಗಲೂ ತಪ್ಪದು.

ಭಾರತದ ಎಕ್ಸ್‌ಚೇಂಜ್‌ಗಳಲ್ಲಿ ಎಡವುವ ಜಾಗ ಸ್ವಲ್ಪ ಬೇರೆ. ಇಲ್ಲಿ ಹಣ ಬರಬೇಕಾದ್ದು ಮೊದಲೇ ನೋಂದಾಯಿಸಿದ ಸ್ವಂತ ಬ್ಯಾಂಕ್ ಖಾತೆಯಿಂದ. ವರ್ಚುವಲ್ ಅಕೌಂಟ್ ಇಲ್ಲದ ಕಡೆ ಕಳಿಸಿದ ಮೇಲೆ ಯುಟಿಆರ್ ಸಂಖ್ಯೆಯನ್ನು ಎಕ್ಸ್‌ಚೇಂಜಿನ ಪುಟದಲ್ಲಿ ಟೈಪ್ ಮಾಡಲು ಕೇಳುವುದುಂಟು. ಎನ್‌ಇಎಫ್‌ಟಿಗೆ ಅದು 16 ಅಕ್ಷರಗಳದ್ದು, ಆರ್‌ಟಿಜಿಎಸ್‌ಗೆ 22, ಐಎಂಪಿಎಸ್‌ನಲ್ಲಿ 12 ಅಂಕಿಗಳದ್ದು. ಆ್ಯಪ್ ತನ್ನ ಲೆಕ್ಕಕ್ಕೆಂದು ಕೊಟ್ಟುಕೊಂಡಿರುವ ಟ್ರಾನ್ಸಾಕ್ಷನ್ ಐಡಿಯನ್ನೇ ಯುಟಿಆರ್ ಎಂದುಕೊಂಡು ಹಾಕುವವರು ಬಹಳ. ಆ ಸಂಖ್ಯೆ ಎಕ್ಸ್‌ಚೇಂಜಿನ ಬ್ಯಾಂಕ್ ಕಡತದಲ್ಲಿ ಇರುವುದೇ ಇಲ್ಲ. ಅಂಕಿ ಎಣಿಸಿ ನೋಡಿದರೆ ತಪ್ಪು ಅಲ್ಲೇ ಗೊತ್ತಾಗುತ್ತದೆ. ಇನ್ನು ‘ರಿಮಾರ್ಕ್ಸ್’ ಖಾನೆ: ಕೆಲವು ಬ್ಯಾಂಕುಗಳ ಆ್ಯಪ್‌ನಲ್ಲಿ ಅಲ್ಲಿ ಬರೆದದ್ದು ಕಳಿಸಿದವರ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿಯುತ್ತದೆ, ಆ ಕಡೆಗೆ ಹೋಗುವುದೇ ಇಲ್ಲ. ಕೋಡ್ ಬರೆದೆ ಎನ್ನುವ ಗ್ರಾಹಕ, ಬಂದಿಲ್ಲ ಎನ್ನುವ ಎಕ್ಸ್‌ಚೇಂಜ್, ಮತ್ತೆ ಇಬ್ಬರದೂ ನಿಜ.

ಹೆಸರಿಲ್ಲದೆ ಬಿದ್ದಿರುವ ಹಣ ಎಷ್ಟು ಸುರಕ್ಷಿತ ಎಂಬುದು ಕಂಪನಿ ಎಲ್ಲಿದೆ, ಹೇಗಿದೆ ಎಂಬುದರ ಮೇಲೆ ನಿಂತಿದೆ. 2022ರ ನವೆಂಬರ್‌ನಲ್ಲಿ ದಿವಾಳಿಯಾದ ಎಫ್‌ಟಿಎಕ್ಸ್‌ನಲ್ಲಿ ಇದರ ತಿರುಗುಮುರುಗು ನಡೆಯಿತು. ಗ್ರಾಹಕರು ಕಳಿಸಿದ ಡಾಲರುಗಳು ಅದರ ಸೋದರ ಸಂಸ್ಥೆ ಅಲಮೇಡಾ ಹಿಡಿತದಲ್ಲಿದ್ದ ಬ್ಯಾಂಕ್ ಖಾತೆಗಳಿಗೆ ಹೋಗುತ್ತಿದ್ದವು. ನಾರ್ತ್ ಡೈಮೆನ್ಷನ್ ಎಂಬ ಹೆಸರಿನ ಕಂಪನಿಯ ಖಾತೆ ಅವುಗಳಲ್ಲೊಂದು. ಎಫ್‌ಟಿಎಕ್ಸ್‌ನ ಪರದೆಯಲ್ಲಿ ಜಮೆ ಚಾಚೂ ತಪ್ಪದೆ ಕಾಣುತ್ತಿತ್ತು. ಹೀಗೆ ಅಲಮೇಡಾ ಕಡೆ ಉಳಿದ ಗ್ರಾಹಕರ ಹಣ 800 ಕೋಟಿ ಡಾಲರ್ ಮೀರಿತ್ತು ಎಂದು ಅಮೆರಿಕದ ನಿಯಂತ್ರಕರು ನ್ಯಾಯಾಲಯದಲ್ಲಿ ಹೇಳಿದರು. ಅಲ್ಲಿ ಲೆಡ್ಜರ್‌ನಲ್ಲಿ ಹೆಸರಿತ್ತು, ಹಣ ಇರಲಿಲ್ಲ. ಕೋಡ್ ಮರೆತವರದು ಹಣವಿದ್ದು ಹೆಸರಿಲ್ಲದ ಸ್ಥಿತಿ. ಎರಡರಲ್ಲಿ ಆರಿಸಿಕೊಳ್ಳಬೇಕೆಂದರೆ ಇದೇ ಮೇಲು.

ಐರೋಪ್ಯ ಒಕ್ಕೂಟದ ಮೈಕಾ ಕಾನೂನು 2024ರ ಡಿಸೆಂಬರ್ 30ರಿಂದ ಎಕ್ಸ್‌ಚೇಂಜ್‌ಗಳಿಗೆ ಅನ್ವಯವಾಗುತ್ತಿದೆ. ಗ್ರಾಹಕರ ಹಣವನ್ನು ಬಂದ ಮರುದಿನದ ಕೆಲಸದ ಅವಧಿ ಮುಗಿಯುವುದರೊಳಗೆ ಬ್ಯಾಂಕಿನಲ್ಲಿಡಬೇಕು, ಕಂಪನಿಯ ಸ್ವಂತ ಹಣದಿಂದ ಬೇರೆಯೆಂದು ಗುರುತಿಸುವಂಥ ಖಾತೆಯಲ್ಲಿಡಬೇಕು ಎಂದು ಅದು ಹೇಳುತ್ತದೆ. ಗ್ರಾಹಕರ ದೂರನ್ನು ಶುಲ್ಕವಿಲ್ಲದೆ ಸ್ವೀಕರಿಸುವ ವ್ಯವಸ್ಥೆಯೂ ಇರಬೇಕು. ಫ್ರಾಂಕ್‌ಫರ್ಟಿನವರು ‘ಸಹಾಯ ಕೋರಿಕೆ’ಗೆ ವಾರಗಟ್ಟಲೆ ಉತ್ತರ ಬಾರದಿದ್ದರೆ, ಅದನ್ನೇ ‘ಔಪಚಾರಿಕ ದೂರು’ ಎಂದು ಹೆಸರಿಸಿ ಬರೆಯುವುದರಲ್ಲಿ ಅರ್ಥವಿದೆ, ಕಾನೂನಿನ ಕಣ್ಣಿಗೆ ಅವೆರಡೂ ಒಂದೇ ಅಲ್ಲ. ಬೆಂಗಳೂರಿನಲ್ಲಿ ಕುಳಿತು ಕಳಿಸಿದವರಿಗೆ ಆ ಬಾಗಿಲಿಲ್ಲ. ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬ್ಯಾಂಕುಗಳ ಮೇಲಿನ ದೂರು ಕೇಳುತ್ತಾರೆ, ಕ್ರಿಪ್ಟೊ ಎಕ್ಸ್‌ಚೇಂಜ್ ಅವರ ವ್ಯಾಪ್ತಿಗೆ ಬರುವುದಿಲ್ಲ. ಹೇಳಿದ ಖಾತೆಗೆ ಹೇಳಿದ ಹಣ ತಲುಪಿಸಿದ ಬ್ಯಾಂಕಿನ ತಪ್ಪೂ ಇಲ್ಲಿಲ್ಲ.

ಈ ಕಾಯುವ ದಿನಗಳಲ್ಲೇ ಇನ್ನೊಂದು ಬಲೆ ಬೀಳುತ್ತದೆ. ‘ನನ್ನ ಹಣ ಜಮೆಯಾಗಿಲ್ಲ’ ಎಂದು ಟೆಲಿಗ್ರಾಂ ಗುಂಪಿನಲ್ಲಿ ಬರೆದ ಸ್ವಲ್ಪ ಹೊತ್ತಿಗೇ ಎಕ್ಸ್‌ಚೇಂಜಿನ ಲೋಗೊ ಹಾಕಿಕೊಂಡ ಯಾರೋ ಖಾಸಗಿ ಸಂದೇಶ ಕಳಿಸಿ, ‘ಹೊಂದಿಕೆ ಶುಲ್ಕ’ ಕಟ್ಟಿ, ಒಟಿಪಿ ಹೇಳಿ ಎನ್ನಬಹುದು. ಹೊಂದಿಕೆಯಾಗದ ಜಮೆಗೆ ಶುಲ್ಕವಿದ್ದರೂ ಅದನ್ನು ಎಕ್ಸ್‌ಚೇಂಜ್ ಆ ಜಮೆಯಿಂದಲೇ ಮುರಿದುಕೊಳ್ಳುತ್ತದೆ. ಹೊಸದಾಗಿ ಹಣ ಕಳಿಸಿ ಎನ್ನುವವರ ಬಳಿ ಆ 1,500 ಯೂರೊ ಇಲ್ಲ.